ಬಾಕಿ ಬಿಲ್ಲಿಗೆ ನೆನಪೋಲೆ: ಸಣ್ಣ ಪೂರೈಕೆದಾರರು ಏನು ಬರೆಯಬೇಕು, ಯಾವಾಗ ಕಳಿಸಬೇಕು

ಬೈಕಂಪಾಡಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ ಒಂದಿದೆ ಎಂದಿಟ್ಟುಕೊಳ್ಳೋಣ. ಮಲ್ಪೆ ಕಡೆಯ ಒಂದು ಮೀನು ರಫ್ತು ಕಂಪನಿಗೆ ಅದು ಪೆಟ್ಟಿಗೆ ಪೂರೈಸುತ್ತದೆ. ತೆರಿಗೆ ಸೇರಿ ಪೆಟ್ಟಿಗೆಗೆ ₹42. ಪರ್ಚೇಸ್ ಆರ್ಡರಿನಲ್ಲಿ 'ಮಾಲು ತಲುಪಿ 30 ದಿನದೊಳಗೆ ಪಾವತಿ' ಎಂದು ಬರೆದಿದೆ. ಇವತ್ತು ಮಾರ್ಚ್ 9. ಲೆಡ್ಜರಿನಲ್ಲಿ ಮೂರು ಬಿಲ್ಲು ತೆರೆದೇ ಇವೆ.

ಬಿಲ್ 118: 4,400 ಪೆಟ್ಟಿಗೆ, ₹1,84,800. ಮಾಲು ತಲುಪಿದ್ದು ಜನವರಿ 7ಕ್ಕೆ, ವಾಯಿದೆ ಮುಗಿದದ್ದು ಫೆಬ್ರವರಿ 6ಕ್ಕೆ.
ಬಿಲ್ 126: 2,300 ಪೆಟ್ಟಿಗೆ, ₹96,600. ತಲುಪಿದ್ದು ಜನವರಿ 28ಕ್ಕೆ, ವಾಯಿದೆ ಫೆಬ್ರವರಿ 27.
ಬಿಲ್ 133: 5,000 ಪೆಟ್ಟಿಗೆ, ₹2,10,000. ತಲುಪಿದ್ದು ಫೆಬ್ರವರಿ 18ಕ್ಕೆ, ವಾಯಿದೆ ಮಾರ್ಚ್ 20.

ಮೊತ್ತ ₹4,91,400. ಹೆಚ್ಚಿನವರು ಇಲ್ಲೇ ಎಡವುತ್ತಾರೆ. 'ನಿಮ್ಮಿಂದ ₹4,91,400 ಬಾಕಿ ಇದೆ, ಆದಷ್ಟು ಬೇಗ ಪಾವತಿಸಿ' ಎಂದು ಎರಡು ಸಾಲು ಬರೆದು ಕಳಿಸುತ್ತಾರೆ. ಆ ಎರಡು ಸಾಲಿನಲ್ಲಿ ಮೂರು ತಪ್ಪುಗಳಿವೆ. ಮೂರನೆಯ ಬಿಲ್ಲಿನ ವಾಯಿದೆ ಇನ್ನೂ ಮುಗಿದಿಲ್ಲ. ಎರಡನೆಯ ಬಿಲ್ಲಿನಲ್ಲಿ ಒಂದು ತಕರಾರು ಇದೆ, ಅದನ್ನು ಮುಂದೆ ನೋಡೋಣ. 'ಆದಷ್ಟು ಬೇಗ' ಎಂಬುದಂತೂ ತಾರೀಕೇ ಅಲ್ಲ. ಓದಿದ ಅಕೌಂಟ್ಸ್ ವಿಭಾಗದವರಿಗೆ ಒಂದು ತಪ್ಪು ಸಿಕ್ಕಿದರೆ ಸಾಕು, 'ಲೆಕ್ಕ ಟ್ಯಾಲಿ ಆಗುತ್ತಿಲ್ಲ, ನೋಡಿ ಹೇಳುತ್ತೇವೆ' ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಇನ್ನೊಂದು ತಿಂಗಳು ಹೋಯಿತು.

ಕಂಪನಿಯೊಳಗೆ ಹಣ ಹೇಗೆ ಬಿಡುಗಡೆಯಾಗುತ್ತದೆ ಎಂಬುದು ಗೊತ್ತಿದ್ದರೆ ಓಲೆ ತಾನಾಗಿ ಸರಿಯಾಗುತ್ತದೆ. ಅಕೌಂಟ್ಸಿನಲ್ಲಿ ಕೂತವರು ಮೂರು ಕಾಗದಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ: ಪರ್ಚೇಸ್ ಆರ್ಡರು, ಸ್ಟೋರ್ಸಿನವರು ಮಾಲು ಇಳಿಸಿಕೊಂಡಾಗ ಮಾಡುವ ಜಿಆರ್‌ಎನ್, ಮತ್ತು ನಿಮ್ಮ ಬಿಲ್ಲು. ಮೂರರಲ್ಲೂ ಸಂಖ್ಯೆ ಒಂದೇ ಇದ್ದರೆ ಬಿಲ್ಲು ಪಾವತಿ ಪಟ್ಟಿಗೆ ಹೋಗುತ್ತದೆ. ಎಲ್ಲೋ ಒಂದು ಕಡೆ ಹೊಂದದಿದ್ದರೆ ಬಿಲ್ಲು 'ಹೋಲ್ಡ್' ಆಗುತ್ತದೆ, ಮತ್ತು ಹಾಗಾಗಿದೆ ಎಂದು ಯಾರೂ ನಿಮಗೆ ಫೋನು ಮಾಡುವುದಿಲ್ಲ. ನಿಮ್ಮ ಓಲೆಯನ್ನು ಮೊದಲು ಓದುವವರು ಮಾಲೀಕರಲ್ಲ, ಈ ತಾಳೆ ನೋಡುವ ಮನುಷ್ಯ. ಅವರು ಹತ್ತು ಫೈಲು ತೆಗೆಯದೆ ಕೂತಲ್ಲೇ ಮುಗಿಸುವಂತೆ ಬರೆದರೆ ಓಲೆ ಕೆಲಸ ಮಾಡುತ್ತದೆ.

ಹಾಗಾಗಿ ಬರೆಯುವ ಮೊದಲು ಅರ್ಧ ದಿನ ನಿಮ್ಮದೇ ಮನೆಯನ್ನು ಗುಡಿಸಿಕೊಳ್ಳಬೇಕು.

ಮೊದಲು ಜಿಎಸ್‌ಟಿ. ವರ್ಷಕ್ಕೆ ₹5 ಕೋಟಿವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆಯಲ್ಲಿ ಇರಬಹುದು. ಅನುಕೂಲವೇನೋ ಹೌದು, ಆದರೆ ಅದರಲ್ಲೊಂದು ಗುಂಡಿ ಇದೆ. ಜನವರಿಯ ಬಿಲ್ಲನ್ನು ಏಪ್ರಿಲ್‌ನ ತ್ರೈಮಾಸಿಕ ರಿಟರ್ನಿನಲ್ಲೇ ತೋರಿಸಿದರೆ ಅಲ್ಲಿಯವರೆಗೆ ಅದು ಖರೀದಿದಾರರ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣದ ಬಿಲ್ಲಿಗೆ ಅವರಿಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಅದಕ್ಕೇ ಎಷ್ಟೋ ಕಂಪನಿಗಳು ಹಣ ತಡೆಹಿಡಿಯುತ್ತವೆ. ಪರಿಹಾರ ಐಎಫ್‌ಎಫ್ ಎಂಬ ಸೌಲಭ್ಯ. ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ನೇ ತಾರೀಕಿನೊಳಗೆ ಅದರಲ್ಲಿ ಏರಿಸಬಹುದು. ನಮ್ಮ ಘಟಕ 118 ಮತ್ತು 126ನ್ನು ಫೆಬ್ರವರಿ 13ರೊಳಗೆ ಏರಿಸಿದೆ. 133 ಫೆಬ್ರವರಿಯ ಬಿಲ್ಲು, ಅದಕ್ಕೆ ಮಾರ್ಚ್ 13ರವರೆಗೆ ಸಮಯವಿದೆ. ಓಲೆ ಹೋಗುವ ದಿನವೇ ಅದನ್ನೂ ಏರಿಸಿಬಿಡುವುದು ಜಾಣತನ.

ಎರಡನೆಯದು ಡೆಲಿವರಿ ಚಲನ್. ಸೀಲು, ಸಹಿ ಇರುವ ಪ್ರತಿಯನ್ನು ತೆಗೆದು ಹಿಂದೆ ಮುಂದೆ ನೋಡಿ. ಬಿಲ್ 126ರ ಚಲನ್ ಮೇಲೆ ಸ್ಟೋರ್ಸಿನವರ ಕೈಬರಹದಲ್ಲಿ '60 ಪೆಟ್ಟಿಗೆ ಒದ್ದೆ' ಎಂದಿದೆ. ಮಾಲು ಇಳಿಸುವಾಗ ತಾಗಿದ ನೀರಿರಬಹುದು, ಟಾರ್ಪಲಿನ್ ಸರಿ ಮುಚ್ಚದೇ ಇದ್ದಿರಬಹುದು. ಕಾರಣ ಏನೇ ಇರಲಿ, ಜಿಆರ್‌ಎನ್ ಆದದ್ದು 2,240 ಪೆಟ್ಟಿಗೆಗೆ, ಬಿಲ್ಲು ಇರುವುದು 2,300ಕ್ಕೆ. ₹2,520ರ ವ್ಯತ್ಯಾಸಕ್ಕೆ ₹96,600 ಪೂರ್ತಿ ನಿಂತುಬಿಟ್ಟಿದೆ. ಲಾರಿಯವನು ತಂದುಕೊಟ್ಟ ಚಲನ್ ನೇರವಾಗಿ ಫೈಲಿಗೆ ಹೋಯಿತು, ಯಾರೂ ಓದಲಿಲ್ಲ. ಇಂಥ ಬಾಕಿಗೆ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಇದರಲ್ಲಿ ಕಾನೂನಿನ ಒಂದು ಎಳೆಯೂ ಇದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯ್ದೆಯ ಪ್ರಕಾರ, ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡಂತೆ. ಆಕ್ಷೇಪಿಸಿದ್ದರೆ, ಅದನ್ನು ನೀವು ಬಗೆಹರಿಸಿದ ದಿನ ಒಪ್ಪಿಗೆಯ ದಿನವಾಗುತ್ತದೆ. ಚಲನ್ ಮೇಲಿನ ಆ ಮೂರು ಪದಗಳೂ ಲಿಖಿತ ಆಕ್ಷೇಪವೇ ಎಂದು ಅವರು ವಾದಿಸಬಹುದು. ಆದ್ದರಿಂದ ಈ ಬಿಲ್ಲಿನ ತಡಕ್ಕೆ ಬಡ್ಡಿಯ ಮಾತೆತ್ತಲು ಹೋಗಬೇಡಿ. ₹2,520ಕ್ಕೆ ಇವತ್ತೇ ಕ್ರೆಡಿಟ್ ನೋಟ್ ಮಾಡಿ ಓಲೆಯ ಜೊತೆ ಕಳಿಸಿ, ಉಳಿದ ₹94,080 ಕೇಳಿ. ಫೋನಿನಲ್ಲಿ ಹೇಳಿದ ಆಕ್ಷೇಪ ಮಾತ್ರ ಇದ್ದು ಕಾಗದದ ಮೇಲೆ ಏನೂ ಇಲ್ಲದಿದ್ದರೆ ನಿಮ್ಮ ನಿಲುವು ಇದಕ್ಕಿಂತ ಗಟ್ಟಿ.

ಫೋನಿನ ವಿಷಯಕ್ಕೆ ಬಂದರೆ, ನಮ್ಮ ಕಡೆ ವ್ಯಾಪಾರದ ಮಾತೆಲ್ಲ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಫೋನಿನಲ್ಲೇ ನಡೆದುಹೋಗುತ್ತದೆ. ಅದು ತಪ್ಪೇನಲ್ಲ. ಓಲೆ ಕಳಿಸುವ ಮೊದಲು ಸ್ಟೋರ್ಸಿಗೆ ಒಂದು ಕರೆ ಮಾಡಿ ಜಿಆರ್‌ಎನ್ ನಂಬರು ಕೇಳಿಕೊಳ್ಳುವುದು ಹಾಗೆಯೇ ಆಗಬೇಕು. ಆದರೆ 'ಯುಗಾದಿ ಕಳೆಯಲಿ ಮಾರಾಯ್ರೆ, ಹಾಕುತ್ತೇವೆ' ಎಂಬ ಆಶ್ವಾಸನೆಗೆ ದಾಖಲೆ ಇರುವುದಿಲ್ಲ. ಮಾತು ಮುಗಿದ ಮೇಲೆ 'ಈಗ ಫೋನಿನಲ್ಲಿ ಮಾತಾಡಿದಂತೆ' ಎಂದು ಶುರುಮಾಡಿ ಎರಡು ಸಾಲಿನ ಮೇಲ್ ಹಾಕಿದರೆ ಅದೇ ದಾಖಲೆ.

ಇನ್ನು ಓಲೆ. ಬಹಳಷ್ಟು ಕಂಪನಿಗಳ ಅಕೌಂಟ್ಸಿಗೆ ಇಂಗ್ಲಿಷಿನಲ್ಲೇ ಬರೆಯಬೇಕಾಗಬಹುದು. ಭಾಷೆ ಯಾವುದಾದರೂ ಜೋಡಣೆ ಇದೇ.

ವಿಷಯ: ಬಿಲ್ 118 ಮತ್ತು 126, ವಾಯಿದೆ ಮೀರಿದ ₹2,78,880, ಮಾರ್ಚ್ 16ರೊಳಗೆ ಪಾವತಿ ಕೋರಿ

ಮಾನ್ಯರೇ,
ತಮ್ಮ ಪರ್ಚೇಸ್ ಆರ್ಡರಿನ ಪ್ರಕಾರ ನಾವು ಪೂರೈಸಿದ ರಟ್ಟಿನ ಪೆಟ್ಟಿಗೆಗಳ ಎರಡು ಬಿಲ್ಲುಗಳ ವಾಯಿದೆ ಮುಗಿದಿದ್ದು, ಪಾವತಿ ನಮಗೆ ಇನ್ನೂ ತಲುಪಿಲ್ಲ.

ಬಿಲ್ 118, ಮಾಲು ತಲುಪಿದ್ದು ಜನವರಿ 7, ವಾಯಿದೆ ಫೆಬ್ರವರಿ 6, ಇವತ್ತಿಗೆ 31 ದಿನ ತಡ: ₹1,84,800.
ಬಿಲ್ 126, ಮಾಲು ತಲುಪಿದ್ದು ಜನವರಿ 28, ವಾಯಿದೆ ಫೆಬ್ರವರಿ 27, ಇವತ್ತಿಗೆ 10 ದಿನ ತಡ: ₹96,600. ಒದ್ದೆಯಾಗಿದ್ದ 60 ಪೆಟ್ಟಿಗೆಗಳ ಕ್ರೆಡಿಟ್ ನೋಟ್ ₹2,520 ಕಳೆದು ಪಾವತಿಸಬೇಕಾದದ್ದು ₹94,080. ಕ್ರೆಡಿಟ್ ನೋಟ್ ತಡವಾದುದು ನಮ್ಮ ಕಡೆಯಿಂದ, ಅದಕ್ಕೆ ವಿಷಾದಿಸುತ್ತೇವೆ.
ಒಟ್ಟು: ₹2,78,880.

ಎರಡೂ ಬಿಲ್ಲುಗಳನ್ನು ನಮ್ಮ ಜಿಎಸ್‌ಟಿ ವಿವರಗಳಲ್ಲಿ ಫೆಬ್ರವರಿ 13ರೊಳಗೆ ಸೇರಿಸಲಾಗಿದೆ. ಬಿಲ್ 133 (₹2,10,000) ಮಾರ್ಚ್ 20ಕ್ಕೆ ಪಾವತಿಯಾಗಬೇಕಿದ್ದು, ತಮ್ಮ ಗಮನಕ್ಕೆ ಮಾತ್ರ ತಿಳಿಸಿದ್ದೇವೆ.

ಮೇಲಿನ ಮೊತ್ತವನ್ನು ಮಾರ್ಚ್ 16ರೊಳಗೆ ಬಿಲ್ಲಿನಲ್ಲಿರುವ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇವೆ. ಯಾವುದೇ ಬಿಲ್ಲು ತಡೆಹಿಡಿಯಲ್ಪಟ್ಟಿದ್ದರೆ ಅದರ ಕಾರಣವನ್ನು ಮಾರ್ಚ್ 12ರೊಳಗೆ ಈ ಮೇಲ್‌ಗೇ ಉತ್ತರವಾಗಿ ತಿಳಿಸಿ, ಬೇಕಾದ ಕಾಗದವನ್ನು ಅದೇ ದಿನ ಕಳಿಸುತ್ತೇವೆ. ನಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ತಯಾರಿಕಾ ಘಟಕವಾಗಿದ್ದು, 2006ರ ಎಂಎಸ್‌ಎಂಇಡಿ ಕಾಯ್ದೆಯ 15 ಮತ್ತು 16ನೇ ಸೆಕ್ಷನ್‌ಗಳು ಈ ಪಾವತಿಗಳಿಗೆ ಅನ್ವಯಿಸುತ್ತವೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ತಮಗೆ ಅನುಕೂಲವಾಗಲೆಂದು ನೋಂದಣಿ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೇವೆ.

ಇಂತಿ ವಿಶ್ವಾಸಿ,

ಲಗತ್ತು: ಎರಡು ಬಿಲ್ಲು, ಸೀಲಿರುವ ಚಲನ್‌ಗಳು, ಕ್ರೆಡಿಟ್ ನೋಟ್, ಲೆಡ್ಜರ್ ಪ್ರತಿ, ಉದ್ಯಮ್ ಪ್ರಮಾಣಪತ್ರ.

ಓಲೆಯನ್ನು ಅಕೌಂಟ್ಸಿಗೆ ಕಳಿಸಿ, ನಿಮಗೆ ಆರ್ಡರ್ ಕೊಟ್ಟ ಪರ್ಚೇಸ್ ವಿಭಾಗದವರಿಗೆ ಒಂದು ಪ್ರತಿ ಹಾಕಿ. ಅವರಿಗೆ ನಿಮ್ಮ ಪೆಟ್ಟಿಗೆ ನಾಳೆಯೂ ಬೇಕು, ಒಳಗಿನಿಂದ ತಳ್ಳುವವರು ಅವರೇ. ಮೊದಲ ಓಲೆಯಲ್ಲೇ ಮಾಲೀಕರನ್ನು ಸೇರಿಸಿದರೆ ಅಕೌಂಟ್ಸಿನವರಿಗೆ ದೂರು ಕೊಟ್ಟಂತಾಗುತ್ತದೆ. ಆ ಮೆಟ್ಟಿಲನ್ನು ಎರಡನೆಯ ಓಲೆಗೆ ಉಳಿಸಿಕೊಳ್ಳಿ.

ಓಲೆಯಲ್ಲಿ ಇಲ್ಲದ್ದನ್ನೂ ಗಮನಿಸಿ. 'ಸಂಬಳ ಕೊಡಲು ದುಡ್ಡಿಲ್ಲ, ತುಂಬಾ ಕಷ್ಟದಲ್ಲಿದ್ದೇವೆ' ಎಂಬ ಸಾಲು ಇಲ್ಲ. ಅದು ನಿಜವೇ ಇರಬಹುದು, ಆದರೆ ಬರೆದ ಕ್ಷಣ ನಿಮ್ಮ ಹಕ್ಕಿನ ಹಣ ಸಹಾಯದ ಕೋರಿಕೆಯಾಗಿಬಿಡುತ್ತದೆ. ಮುಂದಿನ ಸಲ ದರ ಚೌಕಾಸಿ ಮಾಡುವಾಗ ಆ ಸಾಲು ಅವರಿಗೆ ನೆನಪಿರುತ್ತದೆ. 'ಎಷ್ಟು ಸಲ ಹೇಳಿದರೂ ತಾವು' ಎಂಬ ಚುಚ್ಚುಮಾತೂ ಇಲ್ಲ. ಅದಕ್ಕೆ ಉತ್ತರಿಸುವ ನೆಪದಲ್ಲಿ ಹಣದ ಮಾತು ಬದಿಗೆ ಸರಿಯುತ್ತದೆ. ಮೊತ್ತ, ತಾರೀಕು, ಕಾಯ್ದೆಯ ಸೆಕ್ಷನ್ ಇಷ್ಟೇ ಗಟ್ಟಿ ಇದ್ದರೆ ಸಾಕು, ಉಳಿದ ಮಾತು ಎಷ್ಟು ಮೆತ್ತಗಿದ್ದರೂ ನಡೆಯುತ್ತದೆ.

ಕಾಯ್ದೆಯ ಆ ಒಂದು ಸಾಲಿನ ಹಿಂದೆ ಏನಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. 15ನೇ ಸೆಕ್ಷನ್ ಪ್ರಕಾರ, ಲಿಖಿತ ಒಪ್ಪಂದವಿದ್ದರೆ ಅದರಲ್ಲಿರುವ ತಾರೀಕಿನೊಳಗೆ ಪಾವತಿಯಾಗಬೇಕು. ಆದರೆ ಆ ಅವಧಿ ಒಪ್ಪಿಗೆಯ ದಿನದಿಂದ 45 ದಿನ ಮೀರುವಂತಿಲ್ಲ. ಆರ್ಡರಿನಲ್ಲಿ 90 ದಿನ ಎಂದು ಅಚ್ಚಾಗಿ, ನೀವು ಅದಕ್ಕೆ ಸಹಿ ಹಾಕಿದ್ದರೂ ಕಾಯ್ದೆಯ ಲೆಕ್ಕದಲ್ಲಿ ಅದು 45 ದಿನವೇ. ಒಪ್ಪಂದವೇ ಇಲ್ಲದಿದ್ದರೆ ಸಿಗುವುದು 15 ದಿನ ಮಾತ್ರ. 16ನೇ ಸೆಕ್ಷನ್ ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಹೇಳುತ್ತದೆ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಎಂದು ಹಿಡಿದರೆ ವರ್ಷಕ್ಕೆ ಶೇ 16.5, ತಿಂಗಳಿಗೆ ಶೇ 1.375. ಬಿಲ್ 118ಕ್ಕೆ ಮೊದಲ ತಿಂಗಳ ಬಡ್ಡಿ ₹2,541 ಆಗುತ್ತದೆ. ಬ್ಯಾಂಕ್ ದರ ಆಗಾಗ ಬದಲಾಗುವುದರಿಂದ ಲೆಕ್ಕ ಹಾಕುವ ದಿನ ನೋಡಿಕೊಳ್ಳಿ.

ಈ ಬಡ್ಡಿಯನ್ನು ಮೊದಲ ಓಲೆಯಲ್ಲಿ ಲೆಕ್ಕ ಹಾಕಿ ಕೇಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ₹2,541ಕ್ಕಾಗಿ ₹2,78,880 ಮತ್ತೆ 'ಪರಿಶೀಲನೆ'ಗೆ ಹೋಗುತ್ತದೆ. ಸೆಕ್ಷನ್ ಹೆಸರಿಸಿದರೆ ತಿಳಿಯಬೇಕಾದವರಿಗೆ ತಿಳಿಯುತ್ತದೆ.

ಅವರಿಗೆ ಬಡ್ಡಿಗಿಂತ ಹೆಚ್ಚು ತಟ್ಟುವುದು ಆದಾಯ ತೆರಿಗೆ. 1961ರ ಕಾಯ್ದೆಗೆ 2023ರಲ್ಲಿ ಸೇರಿಸಿದ 43ಬಿ(ಎಚ್) ನಿಯಮದಂತೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 15ನೇ ಸೆಕ್ಷನ್ನಿನ ಅವಧಿ ಮೀರಿಸಿ ಉಳಿಸಿಕೊಂಡ ಹಣವನ್ನು ಖರೀದಿದಾರರು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬಹುದು. ಹೊಸ 2025ರ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ನಿಯಮ ಮುಂದುವರಿದಿದೆ. ಮಾರ್ಚ್ 31ಕ್ಕೆ ನಮ್ಮ ಮೂರೂ ಬಿಲ್ಲುಗಳ ವಾಯಿದೆ ಮುಗಿದಿರುತ್ತದೆ. ಅಂದು ರಾತ್ರಿಯವರೆಗೂ ಹಣ ಹೋಗದಿದ್ದರೆ ಆ ಖರೀದಿ ಅವರ ಈ ವರ್ಷದ ಖರ್ಚಿಗೆ ಸೇರುವುದಿಲ್ಲ, ಲಾಭ ಅಷ್ಟು ಹೆಚ್ಚಿದಂತೆ ಕಂಡು ತೆರಿಗೆ ಬೀಳುತ್ತದೆ. ರಿಟರ್ನ್ ಸಲ್ಲಿಸುವ ಮೊದಲು ಏಪ್ರಿಲ್‌ನಲ್ಲಿ ಕೊಟ್ಟರಾಯಿತು ಎಂಬ ಸವಲತ್ತು ಇಲ್ಲಿ ಇಲ್ಲ. ಅವರ ಲೆಕ್ಕ ಪರಿಶೋಧಕರು ಮಾರ್ಚ್‌ನಲ್ಲಿ ಎಂಎಸ್‌ಎಂಇ ಪೂರೈಕೆದಾರರ ಪಟ್ಟಿ ಕೇಳುವುದು ಇದಕ್ಕೇ. ಉದ್ಯಮ್ ಪ್ರಮಾಣಪತ್ರ ಅವರ ಫೈಲಿನಲ್ಲಿ ಇಲ್ಲದಿದ್ದರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುವುದಿಲ್ಲ.

ಮಾರ್ಚ್ ಮೊದಲ ಹತ್ತು ದಿನದೊಳಗೆ ಓಲೆ ಹೋಗಬೇಕು ಎನ್ನುವುದಕ್ಕೆ ಕರಾವಳಿಯಲ್ಲಿ ಇನ್ನೊಂದು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಡ ಹತ್ತಿದರೆ ಮೀನಿನ ಕಂಪನಿಗಳಿಗೆ ಕಚ್ಚಾಮಾಲೂ ಇಲ್ಲ, ಹೊಸ ಹಣವೂ ಇಲ್ಲ. ಮೇ ದಾಟಿದ ಬಾಕಿ ಸುಲಭವಾಗಿ ಸೆಪ್ಟೆಂಬರಿಗೆ ಹೋಗುತ್ತದೆ. ಇದರ ನಡುವೆ ಅವರಿಗೂ ಒಂದು ಗಡುವು ಇದೆ: ಬಿಲ್ಲಿನ ತಾರೀಕಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಜಿಎಸ್‌ಟಿ ಕ್ರೆಡಿಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಜನವರಿ 6ರ ತಾರೀಕಿರುವ ಬಿಲ್ 118ಕ್ಕೆ ಅದು ಜುಲೈ 5ಕ್ಕೆ ಮುಗಿಯುತ್ತದೆ, ಸರಿಯಾಗಿ ನಿಷೇಧದ ನಡುವೆ. ಅಷ್ಟು ದೂರ ಎಳೆದರೆ ಇಬ್ಬರಿಗೂ ನಷ್ಟ ಎಂದು ಪರ್ಚೇಸಿನವರಿಗೆ ಬಾಯಿಮಾತಿನಲ್ಲೇ ತಿಳಿಸಬಹುದು.

ಇಷ್ಟೆಲ್ಲ ಆಧಾರಕ್ಕೂ ಮಿತಿ ಇದೆ. 15 ಮತ್ತು 16ನೇ ಸೆಕ್ಷನ್‌ಗಳ ರಕ್ಷಣೆ ಇರುವುದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಮಧ್ಯಮ ಉದ್ಯಮಕ್ಕಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಅದು ಅನ್ವಯಿಸುತ್ತದೆ. ಬರೀ ಖರೀದಿಸಿ ಮಾರುವ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಅದರ ಪ್ರಯೋಜನ ಬ್ಯಾಂಕ್ ಸಾಲದ ಆದ್ಯತೆಗಷ್ಟೇ ಸೀಮಿತ. ಪೆಟ್ಟಿಗೆಯನ್ನು ಬೇರೆಯವರಿಂದ ತರಿಸಿ ಮಾರುವವರು ಈ ಸೆಕ್ಷನ್ ಬರೆದರೆ ಓಲೆಯ ತೂಕ ಕಡಿಮೆಯಾಗುತ್ತದೆ. ಅವರು ಆರ್ಡರಿನ ಷರತ್ತನ್ನಷ್ಟೇ ಹಿಡಿದು ಬರೆಯಬೇಕು. ನೋಂದಣಿ ಪೂರೈಕೆಗೆ ಮೊದಲೇ ಆಗಿರಲಿ, ಅದರ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಅಚ್ಚಾಗಲಿ. ಬಾಕಿ ಬಿದ್ದ ಮೇಲೆ ಮಾಡಿಸಿದ ನೋಂದಣಿ ಜಗಳಕ್ಕೆ ದಾರಿ.

ಮಾರ್ಚ್ 16ಕ್ಕೂ ಹಣ ಬರದಿದ್ದರೆ ಮರುದಿನವೇ ಎರಡನೆಯ ಓಲೆ ಹೋಗಲಿ. ಮೂರು ವಾರ ಬಿಟ್ಟು ಕಳಿಸಿದರೆ ನೀವು ಕೊಟ್ಟ ತಾರೀಕಿಗೆ ಬೆಲೆ ಇಲ್ಲವೆಂದು ನೀವೇ ಹೇಳಿದಂತೆ. ಈ ಸಲ ಬಿಲ್ 118ರ ಬಡ್ಡಿಯ ಲೆಕ್ಕ ಸೇರಿಸಿ, ಹಣಕಾಸು ಮುಖ್ಯಸ್ಥರಿಗೋ ಮಾಲೀಕರಿಗೋ ಪ್ರತಿ ಹಾಕಿ, 'ಬಾಕಿ ತೀರುವವರೆಗೆ ಹೊಸ ಆರ್ಡರುಗಳಿಗೆ ಮುಂಗಡ ಪಾವತಿ ಕೋರಬೇಕಾಗುತ್ತದೆ' ಎಂದು ಬರೆಯಿರಿ. ಬರೆದ ಮೇಲೆ ಹಾಗೆಯೇ ನಡೆದುಕೊಳ್ಳಬೇಕು, ಆಗದಿದ್ದರೆ ಬರೆಯಬೇಡಿ. ಅದಕ್ಕೂ ಮುಂದೆ ಇರುವುದು ರಾಜ್ಯದ ಎಂಎಸ್‌ಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್ ದೂರು. ಮೊದಲು ರಾಜಿ, ಆಗದಿದ್ದರೆ ಪಂಚಾಯ್ತಿಕೆ. 90 ದಿನದಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ಅದನ್ನೇ ನಂಬಿ ಕೂರುವಂತಿಲ್ಲ. ನಿಮ್ಮ ಪರವಾಗಿ ಆದ ತೀರ್ಪನ್ನು ರದ್ದುಪಡಿಸಲು ಕಂಪನಿ ಕೋರ್ಟಿಗೆ ಹೋಗುವುದಾದರೆ ಮೊತ್ತದ ಶೇ 75 ಠೇವಣಿ ಇಡಬೇಕು, ಅದೊಂದು ದೊಡ್ಡ ಬಲ. ಆದರೆ ದೂರು ಕೊಟ್ಟ ಮೇಲೆ ಆ ಗಿರಾಕಿ ಉಳಿಯುವುದು ಕಷ್ಟ.

ಬಹುತೇಕ ಸಂದರ್ಭದಲ್ಲಿ ಅಲ್ಲಿಯವರೆಗೆ ಹೋಗುವುದಿಲ್ಲ, ಬದಲಿಗೆ ಗುಂಡು ಮೊತ್ತವೊಂದು ಖಾತೆಗೆ ಬೀಳುತ್ತದೆ. ಮಾರ್ಚ್ 16ರ ಸಂಜೆ ₹2,00,000 ಬಂತು, ಯಾವ ಬಿಲ್ಲಿಗೆ ಎಂದು ಹೇಳಿಲ್ಲ ಎನ್ನೋಣ. ಅದೇ ದಿನ ಮೇಲ್ ಹಾಕಿ ವಿವರ ಕೇಳಿ. ಕೊಟ್ಟವರು ಇಂಥ ಬಿಲ್ಲಿಗೆ ಎಂದು ಹೇಳಿದ್ದರೆ ಹಾಗೆಯೇ ಜಮಾ ಮಾಡಬೇಕು. ಅವರು ಹೇಳದಿದ್ದರೆ ಕರಾರು ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಯಾವ ಬಾಕಿಗೆ ಹಾಕಿಕೊಳ್ಳಬೇಕೆಂಬ ಆಯ್ಕೆ ನಿಮ್ಮದು. ಹಳೆಯದಕ್ಕೆ ಮೊದಲು ಹಾಕಿ: ಬಿಲ್ 118ಕ್ಕೆ ₹1,84,800, ಉಳಿದ ₹15,200 ಬಿಲ್ 126ಕ್ಕೆ. 'ತಮ್ಮ ₹2,00,000 ತಲುಪಿದೆ, ಧನ್ಯವಾದ. ಹೀಗೆ ಜಮಾ ಮಾಡಿಕೊಂಡಿದ್ದೇವೆ. ಬಿಲ್ 126ರಲ್ಲಿ ಉಳಿದಿರುವುದು ₹78,880. ಬಿಲ್ 133ರ ₹2,10,000 ಮಾರ್ಚ್ 20ಕ್ಕೆ' ಎಂದು ಬರೆದು, ಬಾಕಿ ಸರಿ ಇದೆ ಎಂದು ಸಹಿ ಹಾಕಿ ಕಳಿಸಲು ಕೇಳಿ. ಬಾಕಿ ವಸೂಲಿಯ ದಾವೆಗೆ ಇರುವ ಕಾಲಮಿತಿ ಮೂರು ವರ್ಷ. ಅದರೊಳಗೆ ಸಿಕ್ಕ ಸಹಿಯ ಒಪ್ಪಿಗೆಯಿಂದ ಆ ಮೂರು ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಗುತ್ತದೆ.